ಅವರಿಗೆ ಥ್ಯಾಂಕ್ಸ್ ಹೇಳಿದರೆ ನನ್ನ ತಪ್ಪು ಒಪ್ಪಿದ ಹಾಗಲ್ಲವೇ?

ಪ್ರಶ್ನೆ: ಹನ್ನೆರಡು ಜನರ ತಂಡಕ್ಕೆ ನಾನು ಲೀಡ್. ಹೋದ ಮಂಗಳವಾರ ನಮ್ಮ ಆ್ಯಪ್‌ನ ಹೊಸ ಆವೃತ್ತಿ ಬಿಡುಗಡೆಯಾಯಿತು, ಚೆನ್ನಾಗಿಯೇ ಆಯಿತು. ಈಗ ತಂಡಕ್ಕೆ ಧನ್ಯವಾದದ ಮೇಲ್ ಬರೆಯಬೇಕು. ಸಿಸಿಯಲ್ಲಿ ನಿರ್ದೇಶಕರೂ ಇರುತ್ತಾರೆ. ಟೆಸ್ಟಿಂಗ್ ನೋಡಿಕೊಳ್ಳುವ ಸಹೋದ್ಯೋಗಿ, ಹಳೆಯ ಆವೃತ್ತಿಗೆ ಮರಳುವ ರೋಲ್‌ಬ್ಯಾಕ್ ಒಮ್ಮೆ ಮಾಡಿ ನೋಡದೆ ಬಿಡುಗಡೆ ಬೇಡವೆಂದು ಪಟ್ಟು ಹಿಡಿದು ಐದು ದಿನ ಮುಂದೂಡಿಸಿದ್ದರು. ಅವತ್ತು ಎಲ್ಲರೆದುರು ಅವರ ಮೇಲೆ ರೇಗಿದ್ದೆ. ಬಿಡುಗಡೆಯ ದಿನ ನಮ್ಮನ್ನು ಉಳಿಸಿದ್ದು ಅದೇ. ಇದನ್ನು ಬರೆದರೆ ನಿರ್ದೇಶಕರ ಮುಂದೆ ನಾನು ಸಣ್ಣವನಾಗುತ್ತೇನೆ, ಬಿಟ್ಟರೆ ಮನಸ್ಸು ಒಪ್ಪುತ್ತಿಲ್ಲ. ಇನ್ನೊಬ್ಬ ಡೆವಲಪರ್ ಮೂರು ರಾತ್ರಿ ನಿದ್ದೆಗೆಟ್ಟ. ಆದರೆ ಅವನ ಭಾಗ ಹತ್ತು ದಿನ ತಡವಾಗಿದ್ದಕ್ಕೇ ಆ ರಾತ್ರಿಗಳು ಬಂದವು. ಅವನ ಬಗ್ಗೆ ಏನು ಬರೆಯಲಿ? "ಎಲ್ಲರಿಗೂ ಥ್ಯಾಂಕ್ಸ್" ಎಂದು ಎರಡು ಸಾಲಲ್ಲಿ ಮುಗಿಸಿಬಿಡಲೇ? ನನ್ನ ಕರಡು ಮತ್ತು ಬಿಡುಗಡೆಯ ದಿನದ ಟಿಪ್ಪಣಿ ಜೊತೆಗಿಟ್ಟಿದ್ದೇನೆ.

ಉತ್ತರ: ಎರಡು ಸಾಲಲ್ಲಿ ಮುಗಿಸುವುದಾದರೆ ಮೇಲ್ ಕಳಿಸುವುದೇ ಬೇಡ. ಹನ್ನೆರಡು ಜನಕ್ಕೆ ಒಟ್ಟಾಗಿ ಹೇಳಿದ ಥ್ಯಾಂಕ್ಸ್ ಒಬ್ಬರಿಗೂ ತಲುಪುವುದಿಲ್ಲ. ಪ್ರತಿಯೊಬ್ಬರೂ ಅದು ಪಕ್ಕದವರಿಗೆ ಹೇಳಿದ್ದು ಅಂದುಕೊಂಡು ಮೇಲ್ ಮುಚ್ಚುತ್ತಾರೆ.

ನಿಮ್ಮ ಕರಡನ್ನು ಎರಡು ಸಲ ಓದಿದೆ. "ಅವಿರತ ಶ್ರಮ", "ಅಪಾರ ಬದ್ಧತೆ", "ಅಮೂಲ್ಯ ಕೊಡುಗೆ" ಎಲ್ಲ ಇವೆ. ಡಿಸೈನರ್ ಹೆಸರಿದ್ದ ಕಡೆ ಗ್ರಾಹಕರ ಸಪೋರ್ಟ್ ನೋಡಿಕೊಳ್ಳುವವರ ಹೆಸರು ಹಾಕಿ ಓದಿ ನೋಡಿದೆ. ಒಂದಕ್ಷರವೂ ಬದಲಾಯಿಸಬೇಕಾಗಲಿಲ್ಲ! ನೀವೂ ಹೀಗೆ ಹೆಸರು ಅದಲುಬದಲು ಮಾಡಿ ನೋಡಿ. ಆಮೇಲೂ ವಾಕ್ಯ ಸರಿಯಾಗಿಯೇ ಕೂತರೆ, ಆ ಮನುಷ್ಯ ಏನು ಮಾಡಿದರೆಂದು ನೀವು ಇನ್ನೂ ಬರೆದಿಲ್ಲ ಎಂದರ್ಥ. ಕರಡಿನಲ್ಲಿ ಈ ಪರೀಕ್ಷೆ ದಾಟಿದ್ದು ಒಂದೇ ವಾಕ್ಯ, ಅದೂ ಬಿಡುಗಡೆಯ ತಾರೀಕು ಹೇಳುವ ವಾಕ್ಯ.

ಮೊದಲು ಟೆಸ್ಟಿಂಗ್‌ನವರ ವಿಷಯ. ನಿಮ್ಮ ಟಿಪ್ಪಣಿಯಲ್ಲಿ ಎಲ್ಲವೂ ಇದೆ, ಮೇಲ್‌ಗೆ ಬಂದಿಲ್ಲ ಅಷ್ಟೆ. ಹೊಸ ಆವೃತ್ತಿ ಡೇಟಾಬೇಸ್‌ನಿಂದ ಒಂದು ಹಳೆಯ ಕಾಲಮ್ ಅಳಿಸುತ್ತಿತ್ತು. ಆ ಕಾಲಮ್ ಇಲ್ಲದೆ ಹಳೆಯ ಆವೃತ್ತಿಯಲ್ಲಿ ಲಾಗಿನ್ ಆಗುವುದೇ ಇಲ್ಲ. ಅಂದರೆ ರೋಲ್‌ಬ್ಯಾಕ್ ಎನ್ನುವುದು ನಿಮ್ಮ ಯೋಜನೆಯ ಹಾಳೆಯಲ್ಲಿ ಒಂದು ಸಾಲಾಗಿ ಇತ್ತೇ ಹೊರತು ನಿಜವಾಗಿ ಇರಲಿಲ್ಲ. ಅವರು ಡೇಟಾದ ನಕಲಿನ ಮೇಲೆ ಅದನ್ನು ಮಾಡಿ ನೋಡಿದ್ದರಿಂದ ಇದು ಬಯಲಾಯಿತು. ಕಾಲಮ್ ಅಳಿಸುವುದನ್ನು ಎರಡು ವಾರ ಮುಂದೂಡಿದಿರಿ. ಮಂಗಳವಾರ ನೂರರಲ್ಲಿ ಹತ್ತು ಬಳಕೆದಾರರಿಗೆ ಮಾತ್ರ ಹೊಸ ಆವೃತ್ತಿ ಕೊಟ್ಟಿದ್ದಿರಿ. ನಲವತ್ತು ನಿಮಿಷದಲ್ಲಿ ಹಳೆಯ ಫೋನ್‌ಗಳಲ್ಲಿ ಲಾಗಿನ್ ನಿಂತಿತು. 12 ನಿಮಿಷದಲ್ಲಿ ಹಿಂದಕ್ಕೆ ಬಂದಿರಿ. ಕಾಲಮ್ ಹೋಗಿದ್ದರೆ ಬ್ಯಾಕಪ್‌ನಿಂದ ಮರಳಿ ತುಂಬಬೇಕಿತ್ತು. ಅದಕ್ಕೆ ಮೂರು ಗಂಟೆ ಬೇಕು, ಆ ನಲವತ್ತು ನಿಮಿಷದಲ್ಲಿ ಸೇರಿದ ಹೊಸ ಮಾಹಿತಿ ಬೇರೆ ಕಳೆದುಹೋಗುತ್ತಿತ್ತು ಎಂದು ನೀವೇ ಲೆಕ್ಕ ಹಾಕಿ ಬರೆದಿದ್ದೀರಿ. ಇಷ್ಟನ್ನೂ ಕರಡಿನಲ್ಲಿ "ಗುಣಮಟ್ಟದ ಬಗ್ಗೆ ಅವರಿಗಿರುವ ಕಾಳಜಿ" ಎಂದು ಮುಗಿಸಿದ್ದೀರಲ್ಲ!

ತಡೆಗಟ್ಟುವ ಕೆಲಸದ ಪಾಡೇ ಹೀಗೆ. ಬೆಂಕಿ ಆರಿಸಿದವನು ಎಲ್ಲರ ಕಣ್ಣಿಗೆ ಬೀಳುತ್ತಾನೆ, ಬೆಂಕಿ ಹೊತ್ತದಂತೆ ನೋಡಿಕೊಂಡವರಿಗೆ ತೋರಿಸಲು ಬೂದಿಯೂ ಇರುವುದಿಲ್ಲ. ಹಾಗಾಗಿ ಅವರ ಬಗ್ಗೆ ಬರೆಯುವಾಗ, ಆ ಕೆಲಸ ಆಗದಿದ್ದರೆ ಏನಾಗುತ್ತಿತ್ತು ಎನ್ನುವ ಅರ್ಧವನ್ನೂ ನೀವೇ ಬರೆಯಬೇಕು. ನಾನಾದರೆ ಹೀಗೆ ಬರೆಯುತ್ತಿದ್ದೆ, ಹೆಸರು ನೀವು ತುಂಬಿಕೊಳ್ಳಿ:

"ರೋಲ್‌ಬ್ಯಾಕ್ ಒಮ್ಮೆ ಮಾಡಿ ನೋಡಲೇಬೇಕು ಎಂದವರು ಇವರು. ಆಗ ನಾನು ಬೇಡವೆಂದಿದ್ದೆ. ಆ ತಾಲೀಮಿನಲ್ಲೇ ಕಾಲಮ್ ಅಳಿಸುವ ತೊಂದರೆ ಸಿಕ್ಕಿತು. ಮಂಗಳವಾರ ನಾವು 12 ನಿಮಿಷದಲ್ಲಿ ಹಿಂದಕ್ಕೆ ಬಂದದ್ದು ಅದರಿಂದ. ಇಲ್ಲದಿದ್ದರೆ ಕನಿಷ್ಠ ಮೂರು ಗಂಟೆ ಯಾರಿಗೂ ಲಾಗಿನ್ ಆಗುತ್ತಿರಲಿಲ್ಲ."

"ಆಗ ನಾನು ಬೇಡವೆಂದಿದ್ದೆ." ನೀವು ಇಷ್ಟೊಂದು ಹೆದರಿದ್ದು ಈ ಮೂರು ಪದಕ್ಕೆ. ಇದಕ್ಕಿಂತ ಉದ್ದ ಬೇಡ. ಎರಡು ಪ್ಯಾರಾ ಪಶ್ಚಾತ್ತಾಪ ಬರೆದರೆ ಮೇಲ್ ನಿಮ್ಮ ಬಗ್ಗೆಯೇ ಆಗಿಬಿಡುತ್ತದೆ, ಅವರು ಮತ್ತೆ ಹಿಂದಿನ ಸಾಲಿಗೆ. ಪೂರ್ತಿ ಬಿಟ್ಟುಬಿಡೋಣವೆಂದರೆ, ನೀವು ರೇಗಿದ್ದನ್ನು ಇಡೀ ತಂಡ ನೋಡಿದೆ. ಅದನ್ನು ಹಾರಿಸಿ ಬರೆದ ಹೊಗಳಿಕೆಯನ್ನು ಅವರೆಲ್ಲ ಹುಬ್ಬೇರಿಸಿಯೇ ಓದುತ್ತಾರೆ. ನಿರ್ದೇಶಕರ ಮಾತು ಬೇರೆ. ಐದು ದಿನ ಯಾಕೆ ತಡವಾಯಿತು ಎಂಬ ಪ್ರಶ್ನೆ ಅವರ ತಲೆಯಲ್ಲಿ ಇದ್ದೇ ಇರುತ್ತದೆ. ಅದಕ್ಕೆ ಉತ್ತರ ನಿಮ್ಮ ಮೇಲ್‌ನಲ್ಲೇ ಸಿಕ್ಕರೆ ನಿಮಗೆ ನಷ್ಟವೇನೂ ಇಲ್ಲ.

ಆದರೆ ಕ್ಷಮೆ ಕೇಳುವ ಜಾಗ ಈ ಮೇಲ್ ಅಲ್ಲ. ಕಳಿಸುವ ಮೊದಲು ಅವರ ಜೊತೆ ಕೂತು ಎರಡು ನಿಮಿಷ ಮಾತಾಡಿ: "ಅವತ್ತು ಹಾಗೆ ಮಾತಾಡಬಾರದಿತ್ತು, ತಪ್ಪು ನನ್ನದು." ಆಮೇಲೆ ಆ ಸಾಲುಗಳನ್ನು ತೋರಿಸಿ. ಕೆಲವರಿಗೆ ಎಲ್ಲರೆದುರು ಹೊಗಳಿಸಿಕೊಳ್ಳುವುದು ಮುಜುಗರ, ಇನ್ನು ಕೆಲವರಿಗೆ ಹಳೆಯ ಜಗಳ ಮತ್ತೆ ಬಾಯಿಗೆ ಬರುವುದೇ ಬೇಡ. ಅವರು ಆ ಮೂರು ಪದ ತೆಗೆಯಿರಿ ಎಂದರೆ ತೆಗೆಯಿರಿ. ಅಂದಹಾಗೆ ನಿಮ್ಮ ಪ್ರಶ್ನೆಯಲ್ಲಿ "ಪಟ್ಟು ಹಿಡಿದು" ಎಂದು ಬರೆದಿದ್ದೀರಿ. ಮೇಲ್‌ಗೆ ಆ ಮಾತು ಬರದಿರಲಿ. ಕೆಲಸ ಮಾಡಿದವರನ್ನು ಹಠಮಾರಿ ಎಂದು ಕರೆದು ಥ್ಯಾಂಕ್ಸ್ ಹೇಳಿದರೆ ರೇಗಿದ್ದು ಇನ್ನೂ ಇಳಿದಿಲ್ಲವೆಂದೇ ಅನಿಸುತ್ತದೆ.

ಇನ್ನು ನಿದ್ದೆಗೆಟ್ಟ ಹುಡುಗ. ರಾತ್ರಿಗಳಿಗೆ ಥ್ಯಾಂಕ್ಸ್ ಹೇಳಬೇಡಿ. ಹೇಳಿದರೆ ತಮ್ಮ ಭಾಗವನ್ನು ಸಮಯಕ್ಕೆ ಮುಗಿಸಿ ಮನೆಗೆ ಹೋದವರಿಗೆ ಏನು ಅರ್ಥವಾಗುತ್ತದೆ? ಮುಂದಿನ ಸಲ ತಡ ಮಾಡಿದರೆ ಹೆಸರು ಬರುತ್ತದೆ ಎಂದು. ಹಾಗಂತ ಹತ್ತು ದಿನದ ತಡವನ್ನೂ ಅಲ್ಲಿ ಎತ್ತಬೇಡಿ, ಅದು ನಿಮ್ಮಿಬ್ಬರ ನಡುವೆ ಇನ್ನೊಂದು ದಿನ ಆಡುವ ಮಾತು. ಧನ್ಯವಾದದ ಮೇಲ್‌ನಲ್ಲಿ ಕೊಂಕು ಸೇರಿಸಿದರೆ ಓದುವವರಿಗೆ ಕೊಂಕಷ್ಟೇ ನೆನಪಿರುತ್ತದೆ. ಅವನು ಮಾಡಿದ ಒಂದು ಕೆಲಸವಂತೂ ಯಾವ ತಕರಾರೂ ಇಲ್ಲದೆ ಒಳ್ಳೆಯದು. ರೋಲ್‌ಬ್ಯಾಕ್ ಆದ ಮೇಲೆ, ಹಳೆಯ ಫೋನ್‌ಗಳು ಅವಧಿ ಮುಗಿದ ಟೋಕನ್ ಕಳಿಸುತ್ತಿವೆ ಎಂದು ಪತ್ತೆ ಹಚ್ಚಿ, ಎರಡು ಗಂಟೆಯಲ್ಲಿ ಸರಿಪಡಿಸಿ, ಅದೇ ಮಧ್ಯಾಹ್ನ ಮತ್ತೆ ಬಿಡುಗಡೆ ಆಗುವ ಹಾಗೆ ಮಾಡಿದ. ಅದನ್ನೇ ಬರೆಯಿರಿ, ಅಷ್ಟೇ ಬರೆಯಿರಿ. ಅವನಿಗೂ ಖುಷಿಯಾಗುತ್ತದೆ, ನಿಮಗೂ ಸುಳ್ಳು ಹೇಳಿದ ಹಾಗಾಗುವುದಿಲ್ಲ.

ಉಳಿದ ಹತ್ತು ಜನರ ಬಗ್ಗೆ ನೀವು ಕೇಳಲೇ ಇಲ್ಲ. ನನಗೆ ಹೆದರಿಕೆ ಇರುವುದು ಅಲ್ಲಿ. ಒಂದು ಕಾಲಕ್ಕೆ ನಾನೂ ಇಂಥ ಮೇಲ್ ಬರೆದವಳೇ. ಕೋಡ್ ಯಾರು ಎಷ್ಟು ಹಾಕಿದ್ದಾರೆ ಎಂದು `git log` ನೋಡಿದೆ, ಟಿಕೆಟ್‌ಗಳ ಪಟ್ಟಿ ನೋಡಿದೆ, ಹನ್ನೊಂದು ಹೆಸರು ಸಿಕ್ಕವು, ಹೆಮ್ಮೆಯಿಂದ ಕಳಿಸಿದೆ. ಬಳಕೆದಾರರ ಕೈಪಿಡಿಯನ್ನು ಪೂರ್ತಿ ಬರೆದವರ ಹೆಸರೇ ಅದರಲ್ಲಿರಲಿಲ್ಲ. ಅವರು ಕೆಲಸ ಮಾಡಿದ್ದು ಬೇರೆ ಫೋಲ್ಡರ್‌ನಲ್ಲಿ. ಗೊತ್ತಾದ ಕೂಡಲೇ "ಇವರ ಹೆಸರು ಬಿಟ್ಟುಹೋಗಿತ್ತು" ಎಂದು ಇನ್ನೊಂದು ಮೇಲ್ ಹಾಕಿದೆ. ಮೊದಲನೆಯದರಲ್ಲಿ ಮರೆತದ್ದು ಕೆಲವರಿಗಷ್ಟೇ ಗೊತ್ತಿತ್ತು, ಎರಡನೆಯದು ಬಂದ ಮೇಲೆ ಎಲ್ಲರಿಗೂ ಗೊತ್ತಾಯಿತು. ಅವರು ನಕ್ಕು "ಇರಲಿ ಬಿಡಿ ಮೇಡಂ" ಅಂದರು. ಆ ನಗು ನನಗೆ ಇನ್ನೂ ಮರೆತಿಲ್ಲ.

ಆ ದಾಖಲೆಗಳಲ್ಲಿ ಕೋಡ್ ಬರೆದವರು ಕಾಣುತ್ತಾರೆ. ಬೇರೆಯವರ ಕೋಡನ್ನು ಕೂತು ಓದಿ ತಪ್ಪು ಹಿಡಿದವರು, ಹೊಸಬರಿಗೆ ಹೇಳಿಕೊಟ್ಟವರು, ಗ್ರಾಹಕರ ಮೊದಲ ಫೋನ್ ಬರುವ ಮುಂಚೆಯೇ ಉತ್ತರಗಳನ್ನು ಬರೆದಿಟ್ಟವರು ಅಷ್ಟು ಸುಲಭಕ್ಕೆ ಕಾಣುವುದಿಲ್ಲ. ಹಾಗಾಗಿ ಪ್ರತಿಯೊಬ್ಬರಿಗೂ ಬೇರೆಬೇರೆಯಾಗಿ ಒಂದೇ ಪ್ರಶ್ನೆ ಕಳಿಸಿ: "ಈ ಬಿಡುಗಡೆಯಲ್ಲಿ ನಿಮಗೆ ಯಾರಿಂದ ಸಹಾಯವಾಯಿತು, ನನಗೆ ಗೊತ್ತಿರದಂಥದ್ದು?" ನೀವೇನು ಮಾಡಿದಿರಿ ಎಂದು ಕೇಳಬೇಡಿ. ಸಂಕೋಚದವರು ಎರಡು ಪದದಲ್ಲಿ ಮುಗಿಸುತ್ತಾರೆ, ಸಂಕೋಚವಿಲ್ಲದವರು ಎರಡು ಪುಟ ಬರೆಯುತ್ತಾರೆ. ಬೇರೆಯವರ ಬಗ್ಗೆ ಕೇಳಿದರೆ ಅರ್ಧ ದಿನದಲ್ಲಿ ನಿಮಗೆ ಗೊತ್ತೇ ಇರದ ನಾಲ್ಕೈದು ಸಂಗತಿಗಳು ಸಿಗುತ್ತವೆ. ಎರಡು ತಿಂಗಳ ಹಿಂದೆ ಬೇರೆ ತಂಡಕ್ಕೆ ಹೋದ ಇನ್ನೊಬ್ಬ ಡಿಸೈನರ್ ನಿಮ್ಮ ಟಿಪ್ಪಣಿಯಲ್ಲಿದ್ದಾರೆ, ಕರಡಿನಲ್ಲಿಲ್ಲ. ನೋಂದಣಿಯ ಪರದೆಗಳೆಲ್ಲ ಅವರದೇ ತಾನೇ? ಹೆಸರು ಸೇರಿಸಿ, ಮೇಲ್ ಅವರಿಗೂ ಹೋಗಲಿ, ಅವರ ಈಗಿನ ಮ್ಯಾನೇಜರ್‌ಗೂ ಹೋಗಲಿ.

ಈಚೆಗೆ ಸೇರಿದ ಹುಡುಗಿ ಮಾಡಿದ್ದು ಸಣ್ಣ ಕೆಲಸ ಎಂದು ಟಿಪ್ಪಣಿಯಲ್ಲಿ ಬರೆದಿದ್ದೀರಿ. ಹಾಗಿದ್ದರೆ ಸಣ್ಣದಾಗಿಯೇ ಬರೆಯಿರಿ: "ದೋಷ ಬಂದಾಗ ಕಾಣುವ 34 ಸಂದೇಶಗಳನ್ನು ಓದಿದರೆ ಅರ್ಥವಾಗುವಂತೆ ತಿದ್ದಿದರು." ಊದಿಸಿ ಹೇಳಿದರೆ ಮೊದಲು ಗೊತ್ತಾಗುವುದು ಅವಳಿಗೇ. ಎಲ್ಲರಿಗೂ ಒಂದೇ ಉದ್ದದ ಸಾಲು ಬೇಕಿಲ್ಲ, ಎಲ್ಲರಿಗೂ ಒಂದು ನಿಜವಾದ ಸಾಲು ಇದ್ದರೆ ಸಾಕು.

ಹೆಸರುಗಳ ಕ್ರಮದ ಬಗ್ಗೆ ಒಂದು ಮಾತು. ಹುದ್ದೆಯ ಪ್ರಕಾರ ಬರೆದರೆ ಅದು ಹಾಜರಿ ಪುಸ್ತಕ. ಮುಖ್ಯವಾದವರು ಮೊದಲು ಎಂದರೆ ಹನ್ನೆರಡನೆಯವರು ತಮ್ಮ ಸ್ಥಾನ ಎಣಿಸುತ್ತಾರೆ. ಕೆಲಸ ನಡೆದ ಕ್ರಮದಲ್ಲಿ ಬರೆಯಿರಿ: ಡಿಸೈನ್‌ನಿಂದ ಶುರುವಾಗಿ, ರೋಲ್‌ಬ್ಯಾಕ್ ತಾಲೀಮು, ಮಂಗಳವಾರದ ಬೆಳಗ್ಗೆ, ಮಧ್ಯಾಹ್ನ, ಕೊನೆಗೆ ಗ್ರಾಹಕರ ಫೋನ್ ಎತ್ತಿದವರು. ಆಗ ಓದುವವರಿಗೆ ಅದೊಂದು ಕಥೆ, ತಮ್ಮ ಪಾತ್ರ ಎಲ್ಲಿ ಬರುತ್ತದೆಂದು ಕಾಯುತ್ತಾರೆ. ನಿರ್ದೇಶಕರು ಉದ್ದದ ಮೇಲ್‌ಗಳನ್ನು ಪೂರ್ತಿ ಓದುವವರಲ್ಲದಿದ್ದರೆ ಮೊದಲ ಎರಡು ಸಾಲಲ್ಲೇ ಫಲಿತಾಂಶ ಹೇಳಿಬಿಡಿ. ಅವರ ಬೆಂಬಲಕ್ಕೆ ವಂದನೆ ಹೇಳುವ ಮೂರು ಸಾಲು ನಿಮ್ಮ ಕರಡಿನ ಶುರುವಿನಲ್ಲೇ ಇದೆ, ಅದನ್ನು ತೆಗೆಯಿರಿ. ತಂಡಕ್ಕೆ ಬರೆದ ಮೇಲ್ ಮೇಲಿನವರನ್ನು ಹೊಗಳಿ ಶುರುವಾದರೆ ಉಳಿದದ್ದನ್ನು ಯಾರೂ ನಂಬುವುದಿಲ್ಲ.

ಇದನ್ನು ನೀವು ಓದುವ ಹೊತ್ತಿಗೆ ಬಿಡುಗಡೆಯಾಗಿ ಒಂದು ವಾರ ದಾಟಿರುತ್ತದೆ. ಇನ್ನು ತಡ ಮಾಡಬೇಡಿ. ಇವತ್ತು ಆ ಪ್ರಶ್ನೆ ಕಳಿಸಿ, ನಾಳೆ ಟೆಸ್ಟಿಂಗ್‌ನವರ ಜೊತೆ ಮಾತಾಡಿ, ನಾಡಿದ್ದು ಬೆಳಗ್ಗೆ ಮೇಲ್ ಕಳಿಸಿ. ಸಿಸಿಯಲ್ಲಿರುವ ಯಾರಾದರೂ ಎಲ್ಲರಿಗೂ ಕಾಣುವಂತೆ "ಹೌದಾ, ನೀವು ಬೇಡವೆಂದಿದ್ದಿರಾ?" ಎಂದು ಕೇಳಿದರೆ ನಿಮ್ಮ ಉತ್ತರ ಒಂದೇ ಪದ: "ಹೌದು."