‘ಯು ಆರ್ ಮ್ಯಾಡ್’ ಎಂದವನ ಪ್ರಕರಣ

(ಗುರುತು ಸಿಗದಂತೆ ಊರು, ಉದ್ಯೋಗ, ವಯಸ್ಸು ಬದಲಿಸಿದ್ದೇನೆ. ಬರೆಯಲು ಇಬ್ಬರ ಒಪ್ಪಿಗೆಯೂ ಇದೆ.)

ಆಳಂದ ತಾಲ್ಲೂಕಿನ ಹುಡುಗ, 27 ವರ್ಷ. ಹತ್ತನೆಯವರೆಗೆ ಕನ್ನಡ ಮಾಧ್ಯಮ, ಈಗ ಕಲಬುರಗಿಯಲ್ಲಿ ನೌಕರಿ. ಬೀದರ್ ಕಡೆಯ ಹುಡುಗಿಯ ಸಂಬಂಧ ಗೊತ್ತಾಗಿ, ಹಿರಿಯರೇ ನಂಬರ್ ಕೊಟ್ಟಿದ್ದರು. ಆಕೆ ಓದಿದ್ದು ಹೈದರಾಬಾದಿನಲ್ಲಿ. ಮನೆಯಲ್ಲಿ ಕನ್ನಡ ಮಾತಾಡುತ್ತಾಳೆ, ಆದರೆ ಬರೆಯುವುದೆಲ್ಲ ಇಂಗ್ಲಿಷ್.

ಸಲಹೆ ಕೇಳಲು ನನ್ನ ಬಳಿ ಬಂದ ದಿನ ಅವನು ಹೇಳಿದ್ದು ಇಷ್ಟೇ: “ಮೇಡಂ, ಮೂರು ದಿನ ಆತು, ಆಕಿ ಮಾತಾಡವಲ್ಲಳು. ನಾ ಏನೂ ತಪ್ಪು ಅಂದಿಲ್ಲ.”

ಅವಳ ಮೆಸೇಜು ನನಗೆ ಬೇಡ ಎಂದೆ, ಅದು ಅವಳದು. ಅವನು ಕಳಿಸಿದ್ದನ್ನಷ್ಟೇ ಓದಿಸಿದೆ. ಅವಳು ಮಳೆಯಲ್ಲಿ ನೆನೆಯುತ್ತ ಬೀದರ್ ಕೋಟೆ ನೋಡಲು ಹೋಗಿದ್ದಳಂತೆ. ಇವನಿಗೆ ಮುದ್ದು ಉಕ್ಕಿ ‘ಯು ಆರ್ ಮ್ಯಾಡ್, ಟೋಟಲಿ ಮ್ಯಾಡ್’ ಎಂದು ಬರೆದ. ಅತ್ತಲಿಂದ ಬಂದ ಉತ್ತರ ‘ಓಕೆ, ಗುಡ್ ನೈಟ್’ ಅಂತ ಅವನೇ ಹೇಳಿದ.

“ಮನಸ್ಸಿನಾಗ ಏನಂತ ಅಂದಿದ್ದಿ?” ಎಂದೆ. “ಹುಚ್ಚಿ ಅದಿ ನೀ, ಅಂತ” ಎಂದು ನಾಚಿಕೊಂಡ.

ಎಡವಿದ್ದು ಅಲ್ಲಿಯೇ. ‘ಹುಚ್ಚಿ’ಯ ಸಲಿಗೆ ಇರುವುದು ಆ ‘ನೀ’ಯಲ್ಲಿ, ಎಳೆದು ಆಡುವ ದನಿಯಲ್ಲಿ. ಇಂಗ್ಲಿಷಿಗೆ ತಂದಾಗ ಪದ ಬಂತು, ಸಲಿಗೆ ಕನ್ನಡದಲ್ಲೇ ಉಳಿದುಬಿಟ್ಟಿತು. ಓದಿದವಳಿಗೆ ಕಂಡದ್ದು ಬೈಗುಳ.

ಇನ್ನೂ ಕೆದಕಿದಾಗ ಬೇರೆಯದೇ ಹೊರಬಂತು. ಇಂಗ್ಲಿಷ್ ಹಿಡಿದದ್ದು ಜಂಭಕ್ಕಲ್ಲ, ನೀ ಅನ್ನಬೇಕೋ ನೀವು ಅನ್ನಬೇಕೋ ಎಂಬ ಪೇಚಿಗೆ. ಇಂಗ್ಲಿಷಿನ ‘ಯು’ ಆ ಪ್ರಶ್ನೆಯನ್ನೇ ಮುಚ್ಚಿಬಿಡುತ್ತದೆ. ಜೊತೆಗೆ, ಆಮೇಲೆ ಕಲಿತ ಭಾಷೆಯಲ್ಲಿ ಪ್ರೀತಿಯ ಮಾತು ಅಷ್ಟು ಭಾರವೆನಿಸುವುದಿಲ್ಲ, ಹೇಳಿ ತಪ್ಪಿಸಿಕೊಳ್ಳಬಹುದು. ‘ಐ ಲೈಕ್ ಯು’ ಸುಲಭವಾಗಿ ಬರೆಯುವವರು ‘ನೀ ನನಗ ಸೇರ್ತಿ’ ಎನ್ನಲು ಬೆವರುತ್ತಾರೆ. ಹೇಳುವವನಿಗೆ ಇದು ಅನುಕೂಲ. ಇಂಗ್ಲಿಷೇ ಗಟ್ಟಿಯಿರುವ ಅವಳಿಗೆ ಮಾತ್ರ ಅದರ ತೂಕ ಪೂರ್ತಿ ತಟ್ಟುತ್ತದೆ. ಅವನು ಅದನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ.

ಇದರ ಮೇಲೆ ಒಂದೊಂದು ಉತ್ತರಕ್ಕೂ ಅರ್ಧ ತಾಸು. ಬರೆದದ್ದನ್ನು ಗೆಳೆಯನಿಗೆ ತೋರಿಸಿ ವ್ಯಾಕರಣ ಸರಿ ಮಾಡಿಸುತ್ತಿದ್ದ! ತಡವಾದ ಉತ್ತರ, ಚೊಕ್ಕ ಇಂಗ್ಲಿಷ್: ಇವನಿಗೆ ಮನಸ್ಸಿಲ್ಲ ಅಂತ ಯಾರಿಗಾದರೂ ಅನಿಸೀತು.

ನಾನು ಹೇಳಿದ್ದು ಹೀಗೆ. ಕೆಲಸದ ಮಾತು, ಹೊತ್ತು, ವಿಳಾಸ, ಸಿನಿಮಾ ಟಿಕೆಟ್ ಇಂಗ್ಲಿಷಿನಲ್ಲೇ ಇರಲಿ, ಅವಳಿಗೆ ಓದಲು ಹಗುರ. ಛೇಡಿಸುವ ಮಾತನ್ನು ಅನುವಾದ ಮಾಡಬೇಡ. ಅದೊಂದನ್ನು ಕನ್ನಡದಲ್ಲೇ ಬಿಡು, ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿದರೂ ಸಾಕು. ಆ ರಾತ್ರಿಯ ‘ಹುಚ್ಚಿ’ ಮಾತನ್ನು ಮಾತ್ರ ಟೈಪ್ ಮಾಡಲೇಬೇಡ, ದನಿಯಲ್ಲಿ ಕಳಿಸು. ನಿನ್ನ ಇಂಗ್ಲಿಷನ್ನು ನೀನೇ ಒಮ್ಮೆ ಆಡಿಕೊಂಡರೆ ತಮಾಷೆ. ದಿನಾ ‘ಸಾರಿ, ಮೈ ಇಂಗ್ಲಿಷ್’ ಅಂದರೆ ಸಮಾಧಾನ ಹೇಳುವ ಕೆಲಸ ಅವಳ ತಲೆಗೆ ಬೀಳುತ್ತದೆ.

ಅವನು ಕೇಳಿದ: “ಆಕಿ ಇಂಗ್ಲಿಷಿಗೆ ಹೋದ್ಲಂದ್ರ ಸಿಟ್ಟಾಗ್ಯಾಳ ಅಂತ ತಿಳ್ಕೋಬೇಕೇನ್ರಿ?” ಹಾಗೇನಿಲ್ಲ. ಅವಳ ದಿನನಿತ್ಯದ ರೂಢಿಯೇ ಅಳತೆಗೋಲು. ಯಾವಾಗಲೂ ಇಂಗ್ಲಿಷಿನವಳು ಇಂಗ್ಲಿಷಿನಲ್ಲಿ ಬರೆದರೆ ಅದಕ್ಕೆ ಅರ್ಥ ಹುಡುಕಬೇಕಿಲ್ಲ. ನಡುನಡುವೆ ಕನ್ನಡ ಬೆರೆಸಿ, ಪ್ರಶ್ನೆ ಕೇಳಿ, ಹೊಸ ತಮಾಷೆ ತೆಗೆಯುತ್ತಿದ್ದವಳು ಒಂದು ಪದಕ್ಕೆ ಇಳಿದರೆ, ಛೇಡಿಸುವುದನ್ನು ಅಲ್ಲಿಗೇ ನಿಲ್ಲಿಸಬೇಕು. ಏನಾಯಿತೆಂದು ನೇರ ಕೇಳಬೇಕು. ಉತ್ತರ ಬರದಿದ್ದರೆ ಮೇಲಿಂದ ಮೇಲೆ ಕಳಿಸಬಾರದು.

ಅವನು ಕಳಿಸಿದ ದನಿ ಹೀಗಿತ್ತಂತೆ: “ಹುಚ್ಚಿ ಅಂತ ಪ್ರೀತಿಲೆ ಅಂದಿದ್ದೆ ನೋಡ್ರಿ. ಇಂಗ್ಲಿಷಿನ್ಯಾಗ ಬರದ್ರ ಬೈಗಳ ಆಗ್ಯದ. ತಪ್ಪು ನಂದೇ.” ಸಂಜೆಗೆ ಅವಳು ಬರೆದಳು: ನಮ್ಮವ್ವನೂ ಹಂಗೇ ಅಂತಾಳ.

ಮುಂದಿನ ಎರಡು ಭೇಟಿಯಲ್ಲಿ ನಾನು ಹೇಳಿಕೊಡದ ದಾರಿಯೊಂದನ್ನು ಇಬ್ಬರೂ ಕಂಡುಕೊಂಡಿದ್ದರು. ಕಲಬುರಗಿಯ ಪೇಟೆಯಲ್ಲೂ ಹೈದರಾಬಾದಿನಲ್ಲೂ ಓಡಾಡುವ ದಖನಿ ಉರ್ದು. ಅವಳು ಏನಾದರೂ ಕೇಳಿದರೆ ಇವನು ಹೌದು ಅನ್ನಲು ‘ಹೌ’ ಅನ್ನುತ್ತಾನೆ, ಇವನು ಮಿರ್ಚಿ ತಿನ್ನಲು ಕರೆದರೆ ಅವಳು ಬೇಡ ಅನ್ನಲು ‘ನಕ್ಕೋ’. ಇಬ್ಬರಿಗೂ ಅದು ಅರ್ಧಂಬರ್ಧ, ಹಾಗಾಗಿ ಯಾರೂ ಯಾರಿಗೂ ಮೇಷ್ಟ್ರಲ್ಲ. ಇದು ನನಗೆ ಹೊಳೆದೇ ಇರಲಿಲ್ಲ, ಒಪ್ಪಿಕೊಳ್ಳುತ್ತೇನೆ.

ಒಂದೇ ಕಡೆ ಜಾರಿದ. ಅವಳು ಹೊಸದಾಗಿ ‘ಬರ್ಲಕತ್ತೀನಿ’ ಎಂದು ತಪ್ಪುತಪ್ಪಾಗಿ ಟೈಪ್ ಮಾಡಿದಾಗ ತಿದ್ದಲು ಹೋದ. ‘ಸಾಲಿ ಮಾಸ್ತರ್ ಆಗಬ್ಯಾಡ್ರಿ’ ಎಂದಳಂತೆ. ನೀ–ನೀವು ತಕರಾರನ್ನು ಅವಳನ್ನೇ ಕೇಳು ಎಂದಿದ್ದೆ. ಲಗ್ನದ ತನಕ ನೀವು, ಆಮ್ಯಾಲ ನೋಡೋಣು, ಎಂದಿದ್ದಾಳೆ. ಅವನು ಲಗ್ನದ ತಾರೀಖು ಎಣಿಸುತ್ತಿದ್ದಾನೆ.