ಮೊಮ್ಮಗಳ ಕಾಗದ, ಅಜ್ಜಿಯ ಫೋನು

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ನಿದ್ದೆ ಬರುತ್ತಿಲ್ಲ ಎಂದು ನನ್ನ ಬಳಿ ಸಲಹೆಗೆ ಬಂದ ಅಜ್ಜಿ ಚೀಲದಿಂದ ಒಂದು ಕಾಗದ ತೆಗೆದರು. ವಿದೇಶದಲ್ಲಿರುವ ಮೊಮ್ಮಗಳು ಬರೆದದ್ದು. ಹುಡುಗಿ ಬೆಳೆದದ್ದೆಲ್ಲ ಅಲ್ಲೇ. ಕನ್ನಡ ಮಾತಾಡುತ್ತಾಳೆ, ಬರೆಯಲು ಅಷ್ಟಾಗಿ ಬರುವುದಿಲ್ಲ. ಹಾಗಾಗಿ ಪೂರ್ತಿ ಇಂಗ್ಲಿಷ್, ಅದೂ ಕೂಡುಬರಹ. ಲಕೋಟೆಯ ಮೇಲೆ ಮಾತ್ರ ಸೊಟ್ಟಸೊಟ್ಟ ಕನ್ನಡದಲ್ಲಿ 'ಅಜ್ಜಿಗೆ ಮಾತ್ರ' ಎಂದಿತ್ತು. ಆ ಮಾತಿಗೆ ಕಟ್ಟುಬಿದ್ದು ಅಜ್ಜಿ ಯಾರಿಂದಲೂ ಓದಿಸಲಿಲ್ಲ. ರಾತ್ರಿ ದೀಪದ ಕೆಳಗೆ ಇಡೀ ಪುಟದ ಫೋಟೋ ತೆಗೆದು, ಫೋನಿನ ಅನುವಾದಕ್ಕೆ ಹಾಕಿದರು. ಮುಕ್ಕಾಲು ಭಾಗ ಅರ್ಥವೇ ಇಲ್ಲ. ಎರಡು ಸಾಲು ಮಾತ್ರ ಸ್ಪಷ್ಟ: 'ಕಾಲೇಜು ಬಿಟ್ಟೆ. ಈಗ ನನಗೆ ಭಯವಾಗುತ್ತಿದೆ.'

"ಫೋನಲ್ಲಿ ಕೇಳಿದ್ರಾ ಅಮ್ಮ?" ಎಂದೆ. "ಹೇಗೆ ಕೇಳಲಿ? ವಿಡಿಯೋದಲ್ಲಿ ಅವಳ ಅಪ್ಪ ಅಮ್ಮ ಪಕ್ಕದಲ್ಲೇ ಇರ್ತಾರಲ್ಲ."

ಇಂಥಲ್ಲಿ ಕಾಗದಕ್ಕಿಂತ ಹುಡುಗಿ ಮೊದಲು. ಅವಳು ಒಬ್ಬಳೇ ಇರುವ ಹೊತ್ತಿಗೆ ಫೋನ್ ಮಾಡಿ, "ನಿನಗೇನಾದರೂ ಅಪಾಯ ಇದೆಯಾ?" ಎಂದು ನೇರವಾಗಿ ಕೇಳಿ ಎಂದೆ. ಅಲ್ಲೇ ಕುಳಿತು ಮಾಡಿದರು. "ಇಲ್ಲ ಅಜ್ಜಿ, ಚೆನ್ನಾಗಿದ್ದೀನಿ. ಕಾಗದ ಓದು" ಎಂದಳು.

ಓದಿ ಹೇಳಲು ನನಗೆ ಎರಡು ನಿಮಿಷ ಸಾಕಿತ್ತು. ಆದರೆ ಅದು ಅಜ್ಜಿಗೆ ಬಂದ ಕಾಗದ, ಅಲ್ವಾ? ಫೋಟೋ ಸರಿಯಾಗಿ ತೆಗೆಯುವುದನ್ನಷ್ಟೇ ಹೇಳಿಕೊಟ್ಟೆ. ಹಗಲು ಬೆಳಕಲ್ಲಿ ಕಾಗದವನ್ನು ಮಡಿಕೆ ಬಿಡಿಸಿ ಮೇಜಿನ ಮೇಲೆ ಹರಡಬೇಕು. ಫ್ಲ್ಯಾಶ್ ಬೇಡ. ಫೋನು ಓರೆಯಾಗದೆ ನೇರ ಮೇಲಿರಬೇಕು, ಕೈಯ ನೆರಳು ಬೀಳಬಾರದು. ಒಂದು ಫೋಟೋಗೆ ಮೂರ್ನಾಲ್ಕು ಸಾಲು ಸಾಕು. ಕೂಡುಬರಹದಲ್ಲಿ ಫೋನು ಆಗಲೂ ತಪ್ಪುತ್ತದೆ. ಆದ್ದರಿಂದ ಎದೆ ಝಲ್ಲೆನ್ನಿಸುವ ಸಾಲು ಬಂದರೆ ನಂಬುವ ಮೊದಲು ಮೂಲದಲ್ಲಿ ಆ ಜಾಗ ನೋಡಿ ಎಂದೆ: ಅಲ್ಲೇನಾದರೂ ಹೊಡೆದುಹಾಕಿದ್ದಾರಾ, ಮೇಲೆ ಕೆಳಗೆ ಸೇರಿಸಿದ್ದಾರಾ?

ಭಯದ ಸಾಲಿನಲ್ಲಿ ಹಾಗೇ ಆಗಿತ್ತು. ಬರೆಯುವಾಗ ಬಿಟ್ಟುಹೋದ 'ಇಲ್ಲ' ಎಂಬರ್ಥದ ಪದವನ್ನು ಹುಡುಗಿ ಆಮೇಲೆ ಸಾಲಿನ ಮೇಲೆ ಸಣ್ಣದಾಗಿ ತೂರಿಸಿ, ಗುರುತು ಹಾಕಿದ್ದಳು. ಫೋನು ಅದನ್ನು ಬಿಟ್ಟೇಬಿಟ್ಟಿತ್ತು. ಅವಳು ಬರೆದದ್ದು ಈಗ ಭಯವಿಲ್ಲ ಎಂದು. ಅಜ್ಜಿ ಕನ್ನಡಕ ತೆಗೆದು ಒರೆಸಿ, ಆ ಜಾಗವನ್ನು ಮತ್ತೆ ನೋಡಿದರು.

ಉಳಿದದ್ದನ್ನು ದಿನಕ್ಕಿಷ್ಟು ಎಂದು ಮನೆಯಲ್ಲೇ ಓದಿದರು. ಅಪ್ಪ ಆರಿಸಿದ ಕೋರ್ಸು ಹಿಡಿಸದೆ ಬಿಟ್ಟಿದ್ದಾಳೆ, ಸಣ್ಣ ಕೆಲಸ ಮಾಡುತ್ತಿದ್ದಾಳೆ, ಮನೆಯಲ್ಲಿ ಹೇಳಿಲ್ಲ. ಕೊನೆಯ ಸಾಲು: ಅಪ್ಪನಿಗೆ ಹೇಳಬೇಡ.

ಈಗ ಅಜ್ಜಿಯ ಪ್ರಶ್ನೆ ಬೇರೆ. "ಮಗನ ಹತ್ರ ಎಷ್ಟು ದಿನ ಮುಚ್ಚಿಡಲಿ?" ಕೊನೆವರೆಗೂ ಮುಚ್ಚಿಡುತ್ತೇನೆ ಎಂದು ಮಾತು ಕೊಡಬೇಡಿ ಎಂದೆ. "ನಾನಾಗಿ ಹೇಳಲ್ಲ, ಆದರೆ ನೀನು ಯಾವಾಗ ಹೇಳ್ತೀಯ ಅಂತ ದಿನ ಗೊತ್ತುಮಾಡು. ನಿನ್ನ ಜೀವಕ್ಕೆ ತೊಂದರೆ ಅನ್ನಿಸಿದರೆ ಮಾತ್ರ ನಾನು ಸುಮ್ನಿರಲ್ಲ" ಎಂದು ಅವಳಿಗೇ ಹೇಳಿ. ಮುಂದಿನ ಕಾಗದವನ್ನು ಬಿಡಿ ಅಕ್ಷರದಲ್ಲಿ ಬರೆಯಲಿ, ಇಲ್ಲವೇ ಕನ್ನಡದಲ್ಲಿ ಮಾತಾಡಿ ರೆಕಾರ್ಡ್ ಮಾಡಿ ಕಳಿಸಲಿ.

ಹುಡುಗಿ ಗೊತ್ತುಮಾಡಿದ ದಿನವೇ ಅಪ್ಪನಿಗೆ ಹೇಳಿದಳು. ಅವರಿಗೆ ಈಗ ಮಗಳಿಗಿಂತ ತಾಯಿಯ ಮೇಲೇ ಸಿಟ್ಟು ಜಾಸ್ತಿ, ಮೊದಲೇ ಗೊತ್ತಿದ್ದೂ ಹೇಳಲಿಲ್ಲ ಎಂದು. ಮುಂದಿನ ವಾರ ಅವರೂ ಫೋನಿನಲ್ಲಿ ನನ್ನೊಂದಿಗೆ ಮಾತಾಡಲಿದ್ದಾರೆ.