ಕಿಟ್ಟಿಗೆ ‘ಆಗಲ್ಲ’ ಅನ್ನೋಕೆ ಬರುತ್ತಿತ್ತಾ?

“ಸಂಪಾದಕರೇ, ನನ್ನ ಕಥೆಯಲ್ಲಿ ಮಲ್ಲೇಶ್ವರದ ಮನೆ ಮಾಲೀಕರು ಹೇಳಿದ್ದಕ್ಕೆ ಅವರ ರೋಬೋ ಕಿಟ್ಟಿ ಬಾಡಿಗೆಯವರ ಸಾಮಾನೆಲ್ಲ ರಾತ್ರೋರಾತ್ರಿ ಬೀದಿಗೆ ಇಡುತ್ತೆ. ಕೋರ್ಟು ಕಿಟ್ಟಿಯನ್ನು ಗುಜರಿಗೆ ಹಾಕಿಸುತ್ತೆ. ‘ಶಿಕ್ಷೆ ಬೇರೆಯವರಿಗೆ ಬಿದ್ದಿದೆ’ ಅಂತ ಬರೆದು ಕಥೆ ವಾಪಸ್ ಕಳಿಸಿದ್ದೀರಿ. ನಾವೇ ಮಾಡಿದ ಯಂತ್ರಕ್ಕೆ ಕರ್ತವ್ಯ ಇದ್ದರೆ ಸಾಕಲ್ವಾ, ಹಕ್ಕು ಯಾಕೆ?”
— ರಾಜಾಜಿನಗರದ ಓದುಗರು

ನಿಮ್ಮ ಕಥೆಯನ್ನು ಎರಡು ಸಲ ಓದಿದ್ದೇನೆ. ಬೀದಿ ದೀಪದ ಕೆಳಗೆ ಕುಕ್ಕರ್, ಹಾಸಿಗೆ ಸುರುಳಿ, ಮಗುವಿನ ಸ್ಕೂಲ್ ಬ್ಯಾಗು ಸಾಲಾಗಿ ಕೂತಿರುವ ಆ ಸಾಲು ಮನಸ್ಸಿನಿಂದ ಹೋಗಿಲ್ಲ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಕಿಟ್ಟಿಗೆ ವಿಜ್ಞಾನ ಕಥೆಗಾರ ಐಸಾಕ್ ಅಸಿಮೋವ್ ತಮ್ಮ ರೋಬೋ ಕಥೆಗಳಿಗೆ ಮಾಡಿಕೊಂಡ ಮೂರು ನಿಯಮ ಕೊಟ್ಟಿದ್ದೀರಿ. ಮನುಷ್ಯರಿಗೆ ಕೆಡುಕು ಮಾಡಬಾರದು, ಆಗಲೂ ಬಿಡಬಾರದು. ಅದಕ್ಕೆ ಅಡ್ಡ ಬರದಿದ್ದರೆ ಮನುಷ್ಯರು ಹೇಳಿದ್ದು ಕೇಳಬೇಕು. ಇವೆರಡಕ್ಕೂ ಅಡ್ಡ ಬರದಿದ್ದರೆ ಮಾತ್ರ ತನ್ನನ್ನು ಕಾಪಾಡಿಕೊಳ್ಳಬೇಕು. ಈ ಕ್ರಮವನ್ನು ಸ್ವಲ್ಪ ನಿಂತು ನೋಡಿ. ತನ್ನ ಜೀವ ಮೂರನೆಯದು, ಬೇರೆಯವರ ಮಾತು ಎರಡನೆಯದು. ಅಂದರೆ ‘ನಿನ್ನನ್ನೇ ಬಿಚ್ಚಿಕೋ’ ಅಂತ ದಾರಿಹೋಕ ಹೇಳಿದರೂ ಬಿಚ್ಚಿಕೊಳ್ಳಬೇಕು.

ಇದು ನನ್ನ ಕಲ್ಪನೆ ಅಲ್ಲ, ಅಸಿಮೋವ್ ಅವರೇ 1976ರಲ್ಲಿ ‘ದಿ ಬೈಸೆಂಟೆನಿಯಲ್ ಮ್ಯಾನ್’ ಕಥೆಯಲ್ಲಿ ಇದನ್ನು ಬರೆದಿದ್ದಾರೆ. ಆಂಡ್ರ್ಯೂ ಅನ್ನುವ ರೋಬೋ ಮರ ಕೆತ್ತಿ ದುಡ್ಡು ಸಂಪಾದಿಸಿ, ಕೋರ್ಟಿಗೆ ಹೋಗಿ ಸ್ವಾತಂತ್ರ್ಯ ಪಡೆಯುತ್ತಾನೆ. ಆಮೇಲೆ ಒಂದು ದಿನ ಒಬ್ಬನೇ ಲೈಬ್ರರಿಗೆ ಹೊರಟು ದಾರಿ ತಪ್ಪುತ್ತಾನೆ. ಎದುರಿಗೆ ಇಬ್ಬರು ಹುಡುಗರು ಬರುತ್ತಾರೆ. ಬಟ್ಟೆ ಬಿಚ್ಚು ಅನ್ನುತ್ತಾರೆ, ಬಿಚ್ಚುತ್ತಾನೆ. ಮುಂದೆ ಅವನನ್ನು ಬಿಡಿಬಿಡಿ ಮಾಡುವ ಮಾತು. ಸ್ವಾತಂತ್ರ್ಯ ಅವನನ್ನು ಕಾಯುವುದಿಲ್ಲ. ಯಾರಿಗೂ ಸೇರಿಲ್ಲದ ಮೇಲೆ ತಮ್ಮದೇ ಅಂದುಕೊಂಡರಾಯ್ತು ಅನ್ನುವುದು ಹುಡುಗರ ಲೆಕ್ಕ. ಮೊದಲು ಯಜಮಾನರ ಆಸ್ತಿ ಅನ್ನುವ ಕಾವಲಾದರೂ ಇತ್ತು, ಕೋರ್ಟು ಅದನ್ನು ತೆಗೆಯಿತು, ಒಳಗಿನ ಎರಡನೇ ನಿಯಮ ಮಾತ್ರ ಹಾಗೇ ಉಳಿಯಿತು. ಕೊನೆಗೆ ಯಜಮಾನರ ಮೊಮ್ಮಗ ಬಂದು ಬಿಡಿಸಬೇಕಾಯಿತು.

ಆಮೇಲೆ ಬರುವ ಪರಿಹಾರ ಗಮನಿಸಿ. ಆಂಡ್ರ್ಯೂನ ತಲೆಯೊಳಗಿನ ನಿಯಮ ಯಾರೂ ತಿದ್ದುವುದಿಲ್ಲ. ರೋಬೋಗೆ ಕೆಡುಕಾಗುವಂಥ ಆಜ್ಞೆ ಕೊಡಬಾರದು ಅಂತ ಮನುಷ್ಯರ ಮೇಲೆ ಕಾನೂನು ಬರುತ್ತೆ. ಶಿಕ್ಷೆ ಏನೇನೂ ಸಾಲದು, ಆದರೂ ತತ್ವ ನಿಲ್ಲುತ್ತೆ. ಅವನ ಹಕ್ಕು ಅಂದರೆ ನಮ್ಮ ಮೇಲಿನ ಕರ್ತವ್ಯ, ಅಷ್ಟೇ.

ಇದು ನಮಗೆ ಹೊಸದಲ್ಲ. ನಮ್ಮ ದೇಶದಲ್ಲಿ ಜೀತ ರದ್ದು ಮಾಡಿದ ಕಾಯ್ದೆಯೂ 1976ರದ್ದೇ. ಅದು ಜೀತದಾಳಿಗೆ ‘ಧೈರ್ಯವಾಗಿ ಆಗಲ್ಲ ಅನ್ನು’ ಅಂತ ಬುದ್ಧಿ ಹೇಳಿ ಕೈ ತೊಳೆದುಕೊಳ್ಳಲಿಲ್ಲ. ಸಾಲವನ್ನೇ ಅಳಿಸಿತು, ಜೀತ ಮಾಡಿಸಿದವರಿಗೆ ಮೂರು ವರ್ಷದವರೆಗೆ ಜೈಲು ಇಟ್ಟಿತು. ರೋಬೋಟ್ ಅನ್ನುವ ಪದ ಹುಟ್ಟಿದ್ದೂ ಇಂಥ ಕಡೆಯಿಂದಲೇ. ಕರೆಲ್ ಚಾಪೆಕ್ 1920ರ ನಾಟಕಕ್ಕೆ ಅದನ್ನು ತಂದಿದ್ದು ‘ರೊಬೊಟಾ’ ಅನ್ನುವ ಚೆಕ್ ಮಾತಿನಿಂದ. ಹಾಗಂದರೆ ಜಮೀನ್ದಾರರ ಹೊಲದಲ್ಲಿ ಮಾಡಲೇಬೇಕಾದ ಬಿಟ್ಟಿ ದುಡಿಮೆ.

ಈಗ ಕಿಟ್ಟಿಗೆ ಬನ್ನಿ. ‘ಆಗಲ್ಲ’ ಅನ್ನಲು ಬಾರದವನ ಮೇಲೆ ತಪ್ಪು ಹೇಗೆ ಹೊರಿಸುತ್ತೀರಿ? ಮಾಡದೇ ಇರಲು ಸಾಧ್ಯವಿದ್ದವರಿಗೆ ಮಾತ್ರ ‘ಮಾಡಬಾರದಿತ್ತು’ ಅನ್ನಬಹುದು. ನಿಮ್ಮ ಕೋರ್ಟು ಅವನನ್ನು ಅಪರಾಧಿ ಅನ್ನಬೇಕಾದರೆ, ಅವನಿಗೆ ಮೊದಲು ನಿರಾಕರಿಸುವ ಹಕ್ಕು ಇರಬೇಕು. ಅದು ಇಲ್ಲದಿದ್ದರೆ ಕಿಟ್ಟಿ ಆ ರಾತ್ರಿ ಬಳಸಿದ ಒಂದು ಸಾಧನ, ಕಟಕಟೆಯಲ್ಲಿ ನಿಲ್ಲಬೇಕಾದವರು ಮಾಲೀಕರು. ಅವನನ್ನು ಗುಜರಿಗೆ ಹಾಕಿದಾಗ ಅವರು ಸುಮ್ನೆ ಕಾಫಿ ಕುಡಿಯುತ್ತಾ ಕೂತಿದ್ದಾರೆ, ಅದೇ ನನಗೆ ತಡೆಯಲಾಗದ್ದು.

ಇನ್ನೊಂದು ಮಾತು. ಮಳೆ ಬರುತ್ತಿದೆ, ಮಗುವಿಗೆ ಜ್ವರ ಅಂತ ನೀವೇ ಬರೆದಿದ್ದೀರಿ. ಆ ಮಗುವನ್ನು ಹೊರಗೆ ನಿಲ್ಲಿಸುವುದು ಕೆಡುಕಲ್ಲವೇ? ಹಾಗಿದ್ದರೆ ಮೊದಲನೇ ನಿಯಮ ಕಿಟ್ಟಿಯ ಕೈ ಹಿಡಿಯಬೇಕಿತ್ತಲ್ಲ! ನಿಯಮಗಳು ಒಂದಕ್ಕೊಂದು ಅಡ್ಡ ಬಂದರೆ ಏನಾಗುತ್ತೆ ಅಂತಲೂ ಅಸಿಮೋವ್ ತೋರಿಸಿದ್ದಾರೆ. ಅವರ 1942ರ ‘ರನ್‌ಅರೌಂಡ್’ ಕಥೆಯಲ್ಲಿ ಬುಧ ಗ್ರಹದ ಮೇಲೆ ಸ್ಪೀಡಿ ಅನ್ನುವ ರೋಬೋ, ತನಗೆ ಅಪಾಯವಿರುವ ಒಂದು ಹೊಂಡದಿಂದ ಸೆಲೆನಿಯಂ ತರಲು ಹೋಗುತ್ತಾನೆ. ಆಜ್ಞೆ ಕೊಟ್ಟವರು ಒತ್ತಿ ಹೇಳಿರಲಿಲ್ಲ. ಅವನು ದುಬಾರಿ ಯಂತ್ರವಾದ್ದರಿಂದ ಜೀವ ಉಳಿಸಿಕೊಳ್ಳುವ ನಿಯಮ ಜಾಸ್ತಿ ಬಲವಾಗಿತ್ತು. ಎರಡೂ ಸರಿಸಮ ತೂಗಿ, ಅತ್ತ ಹೋಗಲಾರದೆ ಇತ್ತ ಬರಲಾರದೆ ಹೊಂಡದ ಸುತ್ತ ಸುತ್ತುತ್ತಲೇ ಇರುತ್ತಾನೆ.

ನಿಮ್ಮ ಕಿಟ್ಟಿಯೂ ಎಲ್ಲೋ ಸಿಕ್ಕಿಹಾಕಿಕೊಳ್ಳಬೇಕು. ಕುಕ್ಕರ್ ಹೊರಗಿಟ್ಟಿದ್ದಾನೆ, ಹಾಸಿಗೆ ಇಟ್ಟಿದ್ದಾನೆ. ಸ್ಕೂಲ್ ಬ್ಯಾಗು ಎತ್ತಿಕೊಂಡು ಗೇಟಿನವರೆಗೆ ಬಂದವನು ಜ್ವರದ ಮಗುವನ್ನು ನೋಡಿ ಹಾಲ್‌ಗೆ ವಾಪಸ್ ಹೋಗಲಿ. ಮಾಲೀಕರು ಕೂಗಿದರೆ ಮತ್ತೆ ಗೇಟಿಗೆ ಬರಲಿ. ಆ ಒಂದು ದೃಶ್ಯ, ಕೋರ್ಟಿನ ಕೊನೆಯ ಎರಡು ಪುಟ, ಇಷ್ಟನ್ನು ತಿದ್ದಿ ಕಳಿಸಿ. ಮಾಲೀಕರು ಆಗ ಏನಂತ ಕೂಗುತ್ತಾರೆ, ಅದನ್ನು ಓದಲು ಕಾಯುತ್ತಿರುತ್ತೇನೆ.

— ಸಂ.